ಉಳುಕೋ, ಮುರಿತವೋ? ಪಾದದ ಕೀಲನ್ನು ಮನೆಯಲ್ಲೇ ಪರೀಕ್ಷಿಸುವ ಬಗೆ

ಪಾದ ಮಡಚಿ ಕೀಲಿಗೆ ಪೆಟ್ಟಾದಾಗ ಹೆಚ್ಚಿನ ಸಲ ಆಗಿರುವುದು ಉಳುಕು. ಇಂಥ ಪೆಟ್ಟಿನೊಂದಿಗೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವ 100 ಜನರಲ್ಲಿ ಮೂಳೆ ಮುರಿದಿರುವುದು ಸುಮಾರು 15 ಮಂದಿಗೆ, ಕೆಲವು ಕಡೆ ಅದಕ್ಕಿಂತಲೂ ಕಡಿಮೆ. ಉಳಿದವರಿಗೆ ಲಿಗಮೆಂಟ್, ಅಂದರೆ ಒಂದು ಮೂಳೆಯನ್ನು ಇನ್ನೊಂದಕ್ಕೆ ಬೆಸೆಯುವ ಗಟ್ಟಿ ಪಟ್ಟಿ, ಹಿಗ್ಗಿರುತ್ತದೆ ಇಲ್ಲವೇ ಹರಿದಿರುತ್ತದೆ. ತೊಡಕಿರುವುದು ಎರಡೂ ಪೆಟ್ಟುಗಳು ಹೊರಗಿನಿಂದ ಒಂದೇ ಥರ ಕಾಣುವುದರಲ್ಲಿ. ಕಾಲು ಊದುತ್ತದೆ, ಮರುದಿನ ನೀಲಿಗಟ್ಟುತ್ತದೆ, ನೆಲಕ್ಕೆ ಊರಿದರೆ ಜೀವ ಹೋಗುವಷ್ಟು ನೋಯುತ್ತದೆ. ಹೀಗಾಗಿ ಮನೆಯವರೆಲ್ಲ ಕಾಲನ್ನು ಸುತ್ತುವರಿದು ಕೂತರೂ ತೀರ್ಮಾನವಾಗುವುದಿಲ್ಲ. ಒಬ್ಬರು ಎಣ್ಣೆ ಹಚ್ಚಿ ನೀವಬೇಕೆನ್ನುತ್ತಾರೆ, ಇನ್ನೊಬ್ಬರು ಆಗಲೇ ಸ್ಕ್ಯಾನಿಂಗ್ ಸೆಂಟರಿನ ಹೆಸರು ಹೇಳುತ್ತಾರೆ.

ಈ ಗೊಂದಲಕ್ಕೆ ವೈದ್ಯಲೋಕದಲ್ಲಿ ಒಂದು ಒಳ್ಳೆಯ ಉತ್ತರವಿದೆ. ಕೆನಡಾದ ಒಟ್ಟಾವ ನಗರದಲ್ಲಿ ತುರ್ತು ಚಿಕಿತ್ಸಾ ವೈದ್ಯ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ನಿಯಮಗಳಿವು. ಊರಿನ ಹೆಸರಿನಿಂದಲೇ ‘ಒಟ್ಟಾವ ನಿಯಮಗಳು’ ಎಂದು ಪ್ರಸಿದ್ಧವಾಗಿವೆ. ಅಲ್ಲಿಯವರೆಗೆ ಕೀಲು ನೋವೆಂದು ಬಂದವರಿಗೆಲ್ಲ ಎಕ್ಸ್‌ರೇ ತೆಗೆಯುವುದು ವಾಡಿಕೆಯಾಗಿತ್ತು, ಹೆಚ್ಚಿನವುಗಳಲ್ಲಿ ಏನೂ ಸಿಗುತ್ತಿರಲಿಲ್ಲ. ಯಾವ ಲಕ್ಷಣವಿದ್ದರೆ ನಿಜಕ್ಕೂ ಮುರಿತ ಸಿಗುತ್ತದೆ ಎಂದು ನೂರಾರು ರೋಗಿಗಳನ್ನು ಪರೀಕ್ಷಿಸಿ ತಾಳೆ ನೋಡಿದಾಗ ಕೊನೆಗೆ ಉಳಿದದ್ದು ಎರಡೇ ಸಂಗತಿ: ಕೆಲವು ನಿರ್ದಿಷ್ಟ ಜಾಗಗಳಲ್ಲಿ ಮೂಳೆಯನ್ನು ಒತ್ತಿದರೆ ನೋಯುತ್ತದೆಯೇ, ಮತ್ತು ನಾಲ್ಕು ಹೆಜ್ಜೆ ಇಡಲಾಗುತ್ತದೆಯೇ. ಊತ ಎಷ್ಟಿದೆ, ಬಣ್ಣ ಹೇಗಿದೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವೇ ಸಿಗಲಿಲ್ಲ.

ನಂಬಬಾರದ ಗುರುತುಗಳು

ಊತ ದೊಡ್ಡದಿದ್ದರೆ ಮುರಿದಿದೆ, ಸಣ್ಣದಿದ್ದರೆ ಉಳುಕಿದೆ ಎಂಬುದು ಬಹಳ ಕಡೆ ಕೇಳಿಬರುವ ಲೆಕ್ಕ. ನಿಜದಲ್ಲಿ ಲಿಗಮೆಂಟ್ ಹರಿದಾಗ ಅದರ ಜೊತೆಯ ಸಣ್ಣ ರಕ್ತನಾಳಗಳೂ ಹರಿಯುತ್ತವೆ. ಅರ್ಧ ಗಂಟೆಯೊಳಗೆ ಕೀಲಿನ ಹೊರಬದಿ ಮೊಟ್ಟೆಯಷ್ಟು ಉಬ್ಬಬಹುದು. ಅದೇ ಹೊತ್ತಿಗೆ ಬಿರುಕು ಬಿಟ್ಟ ಮೂಳೆಯ ಮೇಲೆ ತೆಳುವಾದ ಊತವಷ್ಟೇ ಇರುವುದೂ ಉಂಟು. ನೀಲಿ ಬಣ್ಣದ್ದೂ ಇದೇ ಕತೆ. ಚರ್ಮದಡಿ ಸೋರಿದ ರಕ್ತ ಭಾರಕ್ಕೆ ಕೆಳಗಿಳಿದು ಎರಡು ಮೂರು ದಿನಗಳಲ್ಲಿ ಹಿಮ್ಮಡಿಯ ಅಂಚಿನಲ್ಲಿ, ಬೆರಳುಗಳ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಕಂಡು ಪೆಟ್ಟು ಹರಡುತ್ತಿದೆ ಎಂದು ಗಾಬರಿಪಡಬೇಕಿಲ್ಲ.

ಬೆರಳು ಅಲ್ಲಾಡಿಸಿದರೆ ಮೂಳೆ ಮುರಿದಿಲ್ಲ ಎಂಬ ನಂಬಿಕೆ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಸುಳ್ಳು ಧೈರ್ಯ ಕೊಡುತ್ತದೆ. ಕಾಲ್ಬೆರಳುಗಳನ್ನು ಆಡಿಸುವ ಮುಖ್ಯ ಸ್ನಾಯುಗಳು ಇರುವುದು ಮೊಣಕಾಲಿನ ಕೆಳಗೆ, ಕಣಕಾಲಿನಲ್ಲಿ. ಅವುಗಳ ಹುರಿಗಳು ಕೀಲನ್ನು ದಾಟಿ ಬೆರಳಿಗೆ ಹೋಗುತ್ತವೆ. ಗಿಣ್ಣಿನ ಮೂಳೆ ಎರಡು ತುಂಡಾಗಿದ್ದರೂ ಆ ಹುರಿಗಳು ಎಳೆಯುತ್ತವೆ, ಬೆರಳು ಆಡುತ್ತದೆ. ‘ಟಪ್’ ಎಂದು ಸದ್ದು ಕೇಳಿತು ಎಂಬುದೂ ನಿರ್ಣಾಯಕವಲ್ಲ. ಲಿಗಮೆಂಟ್ ಹರಿಯುವಾಗಲೂ ಸದ್ದಾಗುತ್ತದೆ.

ಕೀಲಿನ ರಚನೆ ಮತ್ತು ಒತ್ತುವ ಜಾಗ

ಎಲ್ಲಿ ಒತ್ತಬೇಕು ಎಂಬುದು ತಿಳಿಯಲು ಕೀಲಿನ ರಚನೆಯನ್ನು ಸ್ವಲ್ಪ ನೋಡಬೇಕು. ಕಣಕಾಲಿನಲ್ಲಿ ಎರಡು ಮೂಳೆಗಳಿವೆ. ಒಳಬದಿಯ ದಪ್ಪ ಮೂಳೆ ಟಿಬಿಯಾ, ಹೊರಬದಿಯ ತೆಳು ಮೂಳೆ ಫಿಬುಲಾ. ಎರಡೂ ಕೆಳತುದಿಯಲ್ಲಿ ಉಬ್ಬಿಕೊಂಡು ಪಾದದ ಎರಡು ಪಕ್ಕದಲ್ಲಿ ಗಿಣ್ಣುಗಳಾಗಿ ಎದ್ದು ಕಾಣುತ್ತವೆ. ಈ ಎರಡು ಗಿಣ್ಣುಗಳ ನಡುವೆ, ಬಾಗಿಲು ಚೌಕಟ್ಟಿನಲ್ಲಿ ಕೂತಂತೆ, ಟೇಲಸ್ ಎಂಬ ಮೂಳೆ ಕೂತಿರುತ್ತದೆ. ಹೊರಗಿನ ಗಿಣ್ಣಿನ ಮುಂದಂಚಿನಿಂದ ಹೊರಟ ಒಂದು ಲಿಗಮೆಂಟ್ ಟೇಲಸ್‌ಗೆ ಅಂಟಿಕೊಂಡಿದೆ. ಪಾದ ಒಳಕ್ಕೆ ಮಡಚಿ ಹೊರ ಅಂಚಿನ ಮೇಲೆ ದೇಹದ ಭಾರ ಬಿದ್ದಾಗ ಮೊದಲು ಹರಿಯುವುದು ಇದೇ. ಉಳುಕುಗಳಲ್ಲಿ ಹೆಚ್ಚಿನವು ಇದರದ್ದೇ ಉಳುಕು.

ನಿಯಮದ ಗುಟ್ಟು ಇಲ್ಲಿದೆ. ಲಿಗಮೆಂಟ್ ಇರುವುದು ಗಿಣ್ಣಿನ ಮುಂದೆ ಮತ್ತು ಕೆಳಗೆ. ಆದ್ದರಿಂದ ಉಳುಕಿದ ಕಾಲಿನಲ್ಲಿ ಗಿಣ್ಣಿನ ಮುಂದಿನ ಮೆತ್ತನೆಯ ಜಾಗವನ್ನು ಮುಟ್ಟಿದರೂ ನೋಯುತ್ತದೆ, ಅಲ್ಲಿ ನೋವಿದ್ದರೆ ಏನೂ ಸಾಬೀತಾಗುವುದಿಲ್ಲ. ಗಿಣ್ಣಿನ ಹಿಂದಂಚು ಹಾಗಲ್ಲ. ಉಳುಕಿನಲ್ಲಿ ಹರಿಯುವ ಆ ಲಿಗಮೆಂಟಿನಿಂದ ಅದು ದೂರ, ಮೂಳೆಯೂ ಅಲ್ಲಿ ಚರ್ಮದಡಿಯಲ್ಲೇ ಕೈಗೆ ಸಿಗುತ್ತದೆ. ಹಿಂದಂಚನ್ನು ಒತ್ತಿದಾಗ ಚುರುಕ್ಕೆಂದರೆ ಆ ನೋವು ಮೂಳೆಯಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ‘ಎಷ್ಟು ನೋವು’ ಎಂಬ ಪ್ರಶ್ನೆಯ ಜಾಗದಲ್ಲಿ ‘ಎಲ್ಲಿ ನೋವು’ ಎಂಬ ಪ್ರಶ್ನೆ ಬರುವುದು ಹೀಗೆ.

ಒತ್ತಿ ನೋಡಬೇಕಾದ ಜಾಗಗಳು ನಾಲ್ಕು. ಮೊದಲನೆಯದು ಹೊರಗಿನ ಗಿಣ್ಣು: ಅದರ ಕೆಳತುದಿ, ಮತ್ತು ಆ ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರಿನವರೆಗೆ ಹಿಂದಂಚು. ಎರಡನೆಯದು ಒಳಗಿನ ಗಿಣ್ಣು: ಅಲ್ಲಿಯೂ ಅದೇ ತುದಿ, ಅದೇ 6 ಸೆಂಟಿಮೀಟರು ಹಿಂದಂಚು. ಅಳತೆಪಟ್ಟಿ ಬೇಡ, ವಯಸ್ಕರ ಮೂರು ನಾಲ್ಕು ಬೆರಳಗಲ ಸಾಕು. ಮೂರನೆಯ ಜಾಗ ಪಾದದ ಹೊರ ಅಂಚಿನಲ್ಲಿದೆ. ಕಿರುಬೆರಳಿನ ಬುಡದಿಂದ ಹಿಮ್ಮಡಿಯ ಕಡೆಗೆ ಬೆರಳು ಜಾರಿಸುತ್ತ ಬಂದರೆ ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ ಒಂದು ಮೂಳೆಯ ಉಬ್ಬು ತಡೆಯುತ್ತದೆ. ಅದು ಕಿರುಬೆರಳಿನ ನೇರಕ್ಕಿರುವ ಪಾದದ ಮೂಳೆಯ ಬುಡ. ನಾಲ್ಕನೆಯದು ಪಾದದ ಒಳಬದಿಯಲ್ಲಿರುವ ನೆವಿಕ್ಯುಲರ್ ಮೂಳೆ. ಒಳಗಿನ ಗಿಣ್ಣಿನಿಂದ ಹೆಬ್ಬೆರಳಿನ ಕಡೆಗೆ, ತುಸು ಕೆಳಗೆ, ಸುಮಾರು ಎರಡು ಮೂರು ಬೆರಳು ಮುಂದೆ ಹೋದರೆ ಸಿಗುವ ಉಬ್ಬು ಅದರದು.

ಮೂರನೆಯ ಜಾಗವನ್ನು ಮನೆಯಲ್ಲಿ ಮಾತ್ರವಲ್ಲ, ಅವಸರದ ಪರೀಕ್ಷೆಯಲ್ಲೂ ಬಿಟ್ಟುಬಿಡುವುದುಂಟು. ನೋವು ಕೀಲಿನ ಸುತ್ತ ಇದ್ದರೆ ಕಣ್ಣೆಲ್ಲ ಗಿಣ್ಣಿನ ಮೇಲೆಯೇ ಇರುತ್ತದೆ. ಆದರೆ ಪಾದ ಒಳಕ್ಕೆ ಮಡಚಿದ ಕ್ಷಣದಲ್ಲಿ ಅದನ್ನು ತಡೆಯಲು ಕಣಕಾಲಿನ ಹೊರಬದಿಯ ಸ್ನಾಯು ಬಿಗಿಯಾಗಿ ಎಳೆಯುತ್ತದೆ. ಅದರ ಹುರಿ ಅಂಟಿಕೊಂಡಿರುವುದು ಈ ಮೂಳೆಯ ಬುಡಕ್ಕೆ. ಎಳೆತ ಹೆಚ್ಚಾದರೆ ಅಲ್ಲಿಂದ ಮೂಳೆಯ ಒಂದು ಚೂರೇ ಕಿತ್ತುಬರುತ್ತದೆ. ಆ ಬುಡಕ್ಕಿಂತ ತುಸು ಮುಂದೆ ಆಗುವ ಇನ್ನೊಂದು ಮುರಿತಕ್ಕೆ ಲಿವರ್‌ಪೂಲಿನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಅವರ ಹೆಸರಿದೆ. ನೃತ್ಯ ಮಾಡುವಾಗ ಅವರ ಪಾದದ ಮೂಳೆಯೇ ಹಾಗೆ ಮುರಿದಿತ್ತು. 1902ರಲ್ಲಿ ಅದನ್ನೂ ಸೇರಿಸಿ ಬರೆದರು. ಆ ಜಾಗಕ್ಕೆ ರಕ್ತ ಪೂರೈಕೆ ಕಡಿಮೆಯಾದ್ದರಿಂದ ಮೂಳೆ ಕೂಡುವುದು ನಿಧಾನ, ಹೀಗಾಗಿ ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸಲೇಬೇಕು. ಅದಕ್ಕೆ ಎಕ್ಸ್‌ರೇ ಇಲ್ಲದೆ ದಾರಿಯಿಲ್ಲ.

ಪರೀಕ್ಷಿಸುವ ಕ್ರಮ

ಬಿದ್ದ ಕೂಡಲೇ ಕಾಲು ಹಿಡಿದು ಒತ್ತಲು ಹೋಗಬಾರದು. ಆ ಹೊತ್ತಿನ ನೋವಿನಲ್ಲಿ ಎಲ್ಲಿ ಮುಟ್ಟಿದರೂ ಕೂಗುವಂತಾಗುತ್ತದೆ. ಚಪ್ಪಲಿ, ಕಾಲುಂಗುರ, ಗೆಜ್ಜೆ ತೆಗೆದು (ಊತ ಏರಿದ ಮೇಲೆ ಕಾಲುಂಗುರ ಕತ್ತರಿಸಬೇಕಾಗುತ್ತದೆ) ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸನ್ನು 15–20 ನಿಮಿಷ ಹಿಡಿಯಬೇಕು. ಗಂಟೆ ಹೊತ್ತಿನಲ್ಲಿ ಮೊದಲ ಆಘಾತ ಇಳಿಯುತ್ತದೆ. ಗಟ್ಟಿ ನೋವಿನ ಮಾತ್ರೆ ನುಂಗುವ ಮೊದಲೇ ಪರೀಕ್ಷೆ ಮುಗಿಸುವುದು ಮೇಲು.

ಪರೀಕ್ಷೆಯನ್ನು ಇನ್ನೊಬ್ಬರು ಮಾಡಿದರೆ ಒಳ್ಳೆಯದು. ತನ್ನ ಕಾಲನ್ನು ತಾನೇ ಒತ್ತಿಕೊಳ್ಳುವವರು ನೋಯುವ ಮೊದಲೇ ಬೆರಳು ಸಡಿಲಿಸುತ್ತಾರೆ. ಮೊದಲು ಪೆಟ್ಟಾಗದ ಕಾಲಿನಲ್ಲಿ ನಾಲ್ಕೂ ಜಾಗಗಳನ್ನು ಗುರುತಿಸಿಕೊಳ್ಳಬೇಕು. ಊದಿದ ಕಾಲಿನಲ್ಲಿ ಮೂಳೆಯ ಅಂಚು ಸುಲಭಕ್ಕೆ ಸಿಗುವುದಿಲ್ಲ, ಈ ಪೂರ್ವಾಭ್ಯಾಸದಿಂದ ಬೆರಳಿಗೆ ಜಾಗದ ಪರಿಚಯವಾಗಿರುತ್ತದೆ. ಆಮೇಲೆ ಪೆಟ್ಟಾದ ಕಾಲಿನಲ್ಲಿ, ನೋವಿರುವ ಜಾಗದಿಂದ ದೂರ, ಗಿಣ್ಣಿಗಿಂತ ಮೇಲಿನಿಂದ ಶುರುಮಾಡಿ ಹಿಂದಂಚಿನ ಗುಂಟ ಒಂದೊಂದು ಬೆರಳಗಲ ಕೆಳಗಿಳಿಯುತ್ತ ತುದಿಯನ್ನು ತಲುಪಬೇಕು. ಒಂದೇ ಬೆರಳಿನ ತುದಿಯಿಂದ, ಉಗುರು ಬೆಳ್ಳಗಾಗುವಷ್ಟು ಒತ್ತಿದರೆ ಸಾಕು. ಒತ್ತುವವರ ಕಣ್ಣು ಪೆಟ್ಟಾದವರ ಮುಖದ ಮೇಲಿರಬೇಕು. ‘ನೋಯುತ್ತಾ?’ ಎಂದು ಕೇಳಿದರೆ ‘ಎಲ್ಲಾ ಕಡೆ ನೋಯ್ತಿದೆ’ ಎಂಬ ಉತ್ತರ ಬರುತ್ತದೆ. ಮುಖ ಕಿವುಚಿದ್ದು, ಕಾಲು ಹಿಂದಕ್ಕೆಳೆದುಕೊಂಡದ್ದು ಅದಕ್ಕಿಂತ ಸ್ಪಷ್ಟ ಉತ್ತರ.

ಒತ್ತುವ ನಾಲ್ಕೂ ಜಾಗಗಳಲ್ಲಿ ಏನೂ ಸಿಗದಿದ್ದರೆ ಮಾತ್ರ ನಡಿಗೆಯ ಪರೀಕ್ಷೆ. ಒಬ್ಬರ ಭುಜ ಹತ್ತಿರದಲ್ಲಿರಲಿ, ಆದರೆ ಅದರ ಮೇಲೆ ಭಾರ ಹಾಕದೆ ನಾಲ್ಕು ಹೆಜ್ಜೆ, ಅಂದರೆ ಪ್ರತಿ ಕಾಲಿನ ಮೇಲೆ ಎರಡೆರಡು ಸಲ ಭಾರ ಬರುವಂತೆ, ನಡೆಯಬೇಕು. ಕುಂಟಿದರೂ ನಡೆದಂತೆಯೇ ಲೆಕ್ಕ. ಮೂಲ ನಿಯಮದ ಪ್ರಕಾರ ಪೆಟ್ಟಾದ ಕೂಡಲೇ ಒಮ್ಮೆ, ವೈದ್ಯರ ಮುಂದೆ ಇನ್ನೊಮ್ಮೆ, ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಆಗ ನಡೆದು ಮನೆಗೆ ಬಂದು, ಊತ ಏರಿದ ಮೇಲೆ ಈಗ ಆಗುತ್ತಿಲ್ಲ ಎಂದರೆ ಅದೊಂದೇ ಮುರಿತದ ಗುರುತಲ್ಲ. ಆದರೂ ಮನೆಯ ಮಟ್ಟಿಗೆ ಈ ಸೂಕ್ಷ್ಮವನ್ನು ಬದಿಗಿಡುವುದೇ ಕ್ಷೇಮ: ಈಗ ನಾಲ್ಕು ಹೆಜ್ಜೆ ಆಗದಿದ್ದರೆ ವೈದ್ಯರಿಗೆ ತೋರಿಸಬೇಕು.

ನಡೆದ ಮಾತ್ರಕ್ಕೆ ಮುರಿದಿಲ್ಲ ಎಂದು ಬಗೆದು ಒತ್ತುವ ಪರೀಕ್ಷೆಯನ್ನು ಬಿಡುವಂತಿಲ್ಲ. ಕಣಕಾಲಿನ ಭಾರವನ್ನು ಹೊರುವುದು ಬಹುಮಟ್ಟಿಗೆ ಟಿಬಿಯಾ. ಫಿಬುಲಾದ ಪಾಲಿಗೆ ಬರುವುದು ಸುಮಾರು ಆರನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಆದ್ದರಿಂದ ಹೊರಗಿನ ಗಿಣ್ಣು ಬಿರುಕು ಬಿಟ್ಟವರು ಮಾರುಕಟ್ಟೆಗೆ ಹೋಗಿ ಬರುವುದೂ ಉಂಟು, ಒಂದು ವಾರ ಕುಂಟುತ್ತಲೇ ಹೊಲದ ಕೆಲಸ ಮಾಡುವುದೂ ಉಂಟು.

ಒಂದು ಉದಾಹರಣೆ

ನಲವತ್ತೈದರ ಒಬ್ಬ ಮಹಿಳೆ ಸಂಜೆ ಬಸ್ಸಿನಿಂದ ಇಳಿಯುವಾಗ ರಸ್ತೆಯಂಚಿನ ಹೊಂಡದಲ್ಲಿ ಬಲಗಾಲು ಒಳಕ್ಕೆ ಮಡಚಿತು ಎಂದುಕೊಳ್ಳೋಣ. ಅಂಗಡಿಯ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತು, ಕುಂಟುತ್ತ ಮನೆ ಸೇರಿದರು. ರಾತ್ರಿ ಎಂಟರ ಹೊತ್ತಿಗೆ ಹೊರಗಿನ ಗಿಣ್ಣು ಕಾಣದಷ್ಟು ಊದಿದೆ. ‘ಇಷ್ಟು ಊದಿದ್ರೆ ಮುರಿದಿರ್ಲೇಬೇಕು’ ಎಂದು ಅತ್ತೆ, ‘ನಡ್ಕೊಂಡು ಬಂದ್ಳಲ್ಲ, ಏನೂ ಆಗಿಲ್ಲ’ ಎಂದು ಗಂಡ.

ಐಸ್ ಹಿಡಿದ ಮೇಲೆ ಮಗಳು ಪರೀಕ್ಷೆ ಮಾಡುತ್ತಾಳೆ. ಹೊರಗಿನ ಗಿಣ್ಣಿನ ಮುಂದಿನ ಮೆತ್ತನೆಯ ಜಾಗ ಮುಟ್ಟಿದರೆ ತಾಯಿ ಕೈ ತಳ್ಳುತ್ತಾರೆ. ಇದು ಲಿಗಮೆಂಟಿನ ಜಾಗ, ಉಳುಕಿರುವುದು ನಿಜ. ಹಿಂದಂಚಿನಲ್ಲಿ ಮೇಲಿನಿಂದ ಕೆಳಗೆ ಬಂದರೆ ಬರಿಯ ಬಿಗಿತ, ಚುಚ್ಚುವ ನೋವಿಲ್ಲ, ತುದಿಯಲ್ಲೂ ಇಲ್ಲ. ಒಳಗಿನ ಗಿಣ್ಣು ಸುಮ್ಮನಿದೆ. ಇಲ್ಲಿಗೆ ನಿಲ್ಲಿಸಿದ್ದರೆ ಗಂಡನ ಮಾತೇ ಗೆಲ್ಲುತ್ತಿತ್ತು. ಆದರೆ ಕಿರುಬೆರಳಿನ ಬುಡದಿಂದ ಹಿಂದಕ್ಕೆ ಬೆರಳು ಜಾರಿಸಿ ಮಧ್ಯದ ಉಬ್ಬನ್ನು ಒತ್ತಿದ ಕೂಡಲೇ ತಾಯಿ ಕಾಲನ್ನು ಸರಕ್ಕನೆ ಎಳೆದುಕೊಳ್ಳುತ್ತಾರೆ. ಎಡಗಾಲಿನ ಅದೇ ಜಾಗ ಒತ್ತಿದರೆ ಏನೂ ಇಲ್ಲ. ನಾಲ್ಕರಲ್ಲಿ ಒಂದು ಜಾಗ ಹೌದೆಂದರೂ ಸಾಕು, ಎಕ್ಸ್‌ರೇ ಬೇಕು. ಇಲ್ಲಿ ಬೇಕಾದದ್ದು ಕೀಲಿನ ಎಕ್ಸ್‌ರೇ ಅಲ್ಲ, ಪಾದದ ಎಕ್ಸ್‌ರೇ ಎಂಬುದೂ ಗಮನಾರ್ಹ. ನೋವಿನ ಜಾಗವನ್ನು ಬೆರಳಿಟ್ಟು ತೋರಿಸದೆ ‘ಕಾಲು ಉಳುಕಿದೆ’ ಎಂದಷ್ಟೇ ಹೇಳಿದರೆ ಗಿಣ್ಣಿನ ಚಿತ್ರವಷ್ಟೇ ತೆಗೆದು ಕಳಿಸಬಹುದು.

ಪರಿಸ್ಥಿತಿ ರಾತ್ರೋರಾತ್ರಿ ಓಡುವಂಥದ್ದಲ್ಲ. ಪಾದ ಬೆಚ್ಚಗಿದೆ, ಬೆರಳುಗಳಿಗೆ ಸ್ಪರ್ಶ ತಿಳಿಯುತ್ತಿದೆ, ಆಕಾರ ಕೆಟ್ಟಿಲ್ಲ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲಿನ ಮೇಲೆ ಭಾರ ಹಾಕದೆ ಮಲಗಿ, ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋದರೆ ಆಗುತ್ತದೆ. ಎಕ್ಸ್‌ರೇಯಲ್ಲಿ ಬುಡದ ಚೂರು ಕಿತ್ತಿರುವುದು ಕಂಡರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಗಟ್ಟಿ ಅಡಿಯ ಪಾದರಕ್ಷೆ ಅಥವಾ ಬೂಟಿನಂಥ ಆಸರೆ ಹಾಕಿ ಕೆಲವು ವಾರ ನಡೆದರೆ ಕೂಡಿಕೊಳ್ಳುತ್ತದೆ. ಒಂದು ವೇಳೆ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಮಗಳ ಪರೀಕ್ಷೆ ತಪ್ಪಾಯಿತೆಂದಲ್ಲ. ನಿಯಮವನ್ನು ಕಟ್ಟಿರುವುದೇ ಹಾಗೆ: ‘ಬೇಡ’ ಎಂದಾಗ ಅದರ ಮಾತನ್ನು ಹೆಚ್ಚು ನಂಬಬಹುದು, ‘ಬೇಕು’ ಎಂದಾಗ ಹಲವರಿಗೆ ಮುರಿತ ಇರುವುದಿಲ್ಲ.

ನಿಯಮ ಎಷ್ಟು ನಂಬಿಕೆಗೆ ಅರ್ಹ

2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ ಹಲವು ದೇಶಗಳ 27 ಅಧ್ಯಯನಗಳನ್ನು, 15,000ಕ್ಕೂ ಹೆಚ್ಚು ರೋಗಿಗಳ ವಿವರವನ್ನು ಒಟ್ಟುಗೂಡಿಸಿ ನೋಡಿತು. ನಿಯಮ ‘ಬೇಡ’ ಎಂದವರಲ್ಲಿ ನಿಜಕ್ಕೂ ಮುರಿತವಿದ್ದವರು 100ಕ್ಕೆ ಇಬ್ಬರಿಗಿಂತ ಕಡಿಮೆ. ಎಕ್ಸ್‌ರೇಗಳ ಸಂಖ್ಯೆಯನ್ನು ಶೇಕಡಾ 30ರಿಂದ 40ರಷ್ಟು ಇಳಿಸಬಹುದೆಂದೂ ಅದು ಕಂಡುಕೊಂಡಿತು. ಆದರೆ ಇವೆಲ್ಲ ತರಬೇತಾದ ಕೈಗಳ ಫಲ. ಮನೆಯಲ್ಲಿ ಒತ್ತುವ ಬೆರಳು ಮೂಳೆಯ ಅಂಚನ್ನು ತಪ್ಪಿಸಿಕೊಳ್ಳಬಹುದು, ಮೆಲ್ಲಗೆ ಒತ್ತಿರಬಹುದು. ಹಾಗಾಗಿ ಮನೆಯ ಪರೀಕ್ಷೆಯಲ್ಲಿ ‘ನೋಯ್ತೋ ಇಲ್ವೋ ಗೊತ್ತಾಗಲಿಲ್ಲ’ ಎಂಬುದನ್ನು ‘ನೋಯಿತು’ ಎಂದೇ ಬರೆದುಕೊಳ್ಳಬೇಕು.

ಕೆಲವರ ವಿಷಯದಲ್ಲಿ ಪರೀಕ್ಷೆಯನ್ನೇ ನಂಬುವಂತಿಲ್ಲ. ಮುಖ್ಯವಾಗಿ, ಹಲವು ವರ್ಷಗಳ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು. ಅವರಿಗೆ ಮೂಳೆ ಮುರಿದರೂ ಒತ್ತಿದಾಗ ನೋವು ತಿಳಿಯದಿರಬಹುದು, ಅವರು ನಡೆದೂ ನಡೆಯುತ್ತಾರೆ. ನಡೆದಷ್ಟೂ ಪಾದದ ಮೂಳೆಗಳು ಕುಸಿದು ಆಕಾರವೇ ಕೆಡಬಹುದು. ಸಕ್ಕರೆ ಕಾಯಿಲೆಯವರ ಪಾದ ದೊಡ್ಡ ಪೆಟ್ಟಿಲ್ಲದೆಯೇ ಊದಿ, ಕೆಂಪಾಗಿ, ಇನ್ನೊಂದು ಪಾದಕ್ಕಿಂತ ಬಿಸಿಯಾಗಿದ್ದರೆ ನೋವಿಲ್ಲದಿದ್ದರೂ ಬೇಗನೆ ತೋರಿಸಬೇಕು. ಕುಡಿದಿದ್ದವರ, ತಲೆಗೆ ಪೆಟ್ಟಾದವರ, ದೇಹದ ಬೇರೆ ಕಡೆ ಇದಕ್ಕಿಂತ ದೊಡ್ಡ ನೋವಿರುವವರ ಉತ್ತರವನ್ನೂ ನೆಚ್ಚುವಂತಿಲ್ಲ. ಪೆಟ್ಟಾಗಿ ಹತ್ತು ದಿನ ದಾಟಿದ್ದರೆ ನಿಯಮ ಅನ್ವಯಿಸುವುದಿಲ್ಲ. ಮೂಳೆ ಸವೆತ ಇರುವ ವಯಸ್ಸಾದವರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ತಿಂದವರಲ್ಲಿ, ಅಂಗಳದಲ್ಲಿ ಸಣ್ಣಗೆ ಎಡವಿದ್ದಕ್ಕೂ ಮೂಳೆ ಮುರಿಯುತ್ತದೆ, ಅಂಥವರಿಗೆ ಎಕ್ಸ್‌ರೇ ಬರೆಯಲು ವೈದ್ಯರು ಹಿಂದೆಮುಂದೆ ನೋಡುವುದಿಲ್ಲ.

ಮೂಲ ಅಧ್ಯಯನ ನಡೆದದ್ದು ವಯಸ್ಕರ ಮೇಲೆ. ಆಮೇಲೆ ಮಕ್ಕಳಲ್ಲೂ ಪರೀಕ್ಷಿಸಲಾಯಿತು, ಐದಾರು ವರ್ಷ ದಾಟಿದವರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದಕ್ಕಿಂತ ಚಿಕ್ಕವರು ಎಲ್ಲಿ ನೋಯುತ್ತದೆಂದು ಸರಿಯಾಗಿ ಹೇಳಲಾರರು. ಬೆಳೆಯುವ ಮಕ್ಕಳ ಮೂಳೆಯ ತುದಿಯ ಹತ್ತಿರ, ಮೂಳೆ ಉದ್ದವಾಗುವ ಮೃದ್ವಸ್ಥಿಯ ಪದರವೊಂದಿರುತ್ತದೆ. ಅದು ಲಿಗಮೆಂಟಿಗಿಂತ ದುರ್ಬಲ. ಹೀಗಾಗಿ ದೊಡ್ಡವರಲ್ಲಿ ಲಿಗಮೆಂಟ್ ಹರಿಯುವಂಥ ಪೆಟ್ಟಿಗೆ ಮಕ್ಕಳಲ್ಲಿ ಈ ಪದರ ಬಿರಿಯಬಹುದು, ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಹೋಗಬಹುದು.

ನಿಯಮದ ವ್ಯಾಪ್ತಿಗೆ ಹೊರಗಿರುವ ಕೆಲವು ಪೆಟ್ಟುಗಳಿವೆ. ಪಾದ ನೆಲಕ್ಕೆ ಕಚ್ಚಿಕೊಂಡು ದೇಹ ತಿರುಗಿದಾಗ, ಕಬಡ್ಡಿ, ಫುಟ್‌ಬಾಲ್ ಆಡುವವರಿಗೆ ಆಗುವಂತೆ, ಬಲವೆಲ್ಲ ಮೇಲಕ್ಕೇರಿ ಫಿಬುಲಾ ಮೊಣಕಾಲಿನ ಹತ್ತಿರ ಮುರಿಯುವುದುಂಟು. ಕೀಲಿನ ನೋವಿನ ಗಲಾಟೆಯಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಗಿಣ್ಣಿನ 6 ಸೆಂಟಿಮೀಟರು ಮುಗಿಸಿದ ಮೇಲೆ ಕಣಕಾಲಿನ ಹೊರಬದಿಯ ಗುಂಟ ಮೊಣಕಾಲಿನವರೆಗೆ ಒಮ್ಮೆ ಒತ್ತಿ ನೋಡಬೇಕು. ಅಂಗಾಲಿನ ನಡುವೆ ನೀಲಿಗಟ್ಟಿದ್ದರೆ ಪಾದದ ಮಧ್ಯದ ಕೀಲುಗಳು ಸಡಿಲಾಗಿರುವ ಅನುಮಾನ. ತೆಂಗಿನ ಮರದಿಂದ, ಮಾಳಿಗೆಯಿಂದ ಬಿದ್ದು ಕಾಲೂರಿದವರಲ್ಲಿ ಹಿಮ್ಮಡಿಯ ಮೂಳೆಯನ್ನೂ ಬೆನ್ನುಮೂಳೆಯನ್ನೂ ನೋಡಬೇಕಾಗುತ್ತದೆ. ಹಿಂದಿನಿಂದ ಯಾರೋ ಒದ್ದಂತಾಗಿ ಹಿಮ್ಮಡಿಯ ಮೇಲಿನ ದಪ್ಪ ಹುರಿಯಲ್ಲಿ ತಗ್ಗು ಬಿದ್ದಿದ್ದರೆ ಅದು ಉಳುಕಲ್ಲ, ಹುರಿಯೇ ಹರಿದಿದೆ. ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದಾಗ ಪಾದ ಕೆಳಕ್ಕೆ ಬಾಗದಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಇನ್ನು ಒತ್ತುವ, ನಡೆಸುವ ಯಾವ ಪರೀಕ್ಷೆಯೂ ಬೇಡದ ಸಂದರ್ಭಗಳು: ಪಾದ ಒಂದು ಕಡೆ ತಿರುಚಿಕೊಂಡಿದೆ, ಚರ್ಮ ಸೀಳಿ ಮೂಳೆ ಕಾಣುತ್ತಿದೆ ಅಥವಾ ಗಾಯದಿಂದ ರಕ್ತ ಸೋರುತ್ತಿದೆ, ಪಾದ ತಣ್ಣಗಾಗಿ ಬಿಳಿಚಿದೆ, ಬೆರಳು ಜೋಮು ಹಿಡಿದಿದೆ. ಆಗ ಕಾಲನ್ನು ನೆಟ್ಟಗೆ ಮಾಡಲು ಹೋಗದೆ, ಇದ್ದಂತೆಯೇ ಎರಡು ಬದಿಗೆ ದಿಂಬು ಕಟ್ಟಿ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಊರ ಕಡೆ ಉಳುಕು ತೆಗೆಯುವವರ ಬಳಿ ಹೋಗಿ ಕಾಲನ್ನು ಜಗ್ಗಿಸಿಕೊಳ್ಳುವ ರೂಢಿ ಇನ್ನೂ ಇದೆ. ಮುರಿತ ಇಲ್ಲವೆಂಬುದು ಗೊತ್ತಾಗುವ ಮೊದಲು ಜಗ್ಗಿದರೆ ಜಾಗದಲ್ಲಿದ್ದ ಮೂಳೆಯ ಚೂರು ಸರಿಯಬಹುದು, ಪ್ಲಾಸ್ಟರಿನಲ್ಲಿ ಮುಗಿಯುವ ಕೆಲಸ ಪ್ಲೇಟು, ಸ್ಕ್ರೂವಿನವರೆಗೆ ಹೋಗಬಹುದು. ಮೊದಲ ಎರಡು ಮೂರು ದಿನ ಬಿಸಿ ಶಾಖ, ಎಣ್ಣೆಯ ತಿಕ್ಕಾಟ ಊತವನ್ನು ಹೆಚ್ಚಿಸುತ್ತವೆ.

ಎಕ್ಸ್‌ರೇ, ಸಿಟಿ, ಎಂಆರ್‌ಐ

‘ಸ್ಕ್ಯಾನ್ ಬೇಕೇ?’ ಎಂದು ಕೇಳುವವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಎಂಆರ್‌ಐ. ಆದರೆ ಮುರಿತವೋ ಅಲ್ಲವೋ ಎಂಬ ಪ್ರಶ್ನೆಗೆ ಮೊದಲು ಬೇಕಾದದ್ದು ಸಾದಾ ಎಕ್ಸ್‌ರೇ. ಕೀಲಿನದಾದರೆ ಮೂರು ಕೋನದಿಂದ ತೆಗೆಯುತ್ತಾರೆ: ಎದುರಿನಿಂದ, ಪಕ್ಕದಿಂದ, ಮತ್ತು ಕಾಲನ್ನು ತುಸು ಒಳಕ್ಕೆ ತಿರುಗಿಸಿ ಟೇಲಸ್ ಸುತ್ತಲಿನ ಸಂದು ಸಮನಾಗಿದೆಯೇ ಎಂದು ನೋಡಲು. ಇದರ ವಿಕಿರಣ ತೀರ ಕಡಿಮೆ, ಸುತ್ತಲಿನ ಪರಿಸರದಿಂದ ನಿತ್ಯವೂ ಮೈಗೆ ತಾಗುವ ಒಂದು ದಿನದ ಪ್ರಮಾಣವನ್ನೂ ಮುಟ್ಟುವುದಿಲ್ಲ. ಬೇಕಾದಾಗ ಗರ್ಭಿಣಿಯರಿಗೂ ತೆಗೆಯಬಹುದು. ಆದರೆ ಗರ್ಭಿಣಿ ಎಂಬುದನ್ನು ಮೊದಲೇ ತಿಳಿಸಬೇಕು.

ಎಕ್ಸ್‌ರೇ ಸರಿಯಿದೆ, ಆದರೆ ಮೂಳೆಯ ಮೇಲಿನ ನೋವು ಹೋಗುತ್ತಿಲ್ಲ ಎಂದಾದರೆ 10ರಿಂದ 14 ದಿನ ಬಿಟ್ಟು ಮತ್ತೊಮ್ಮೆ ತೆಗೆಯುವುದುಂಟು. ಕೂದಲೆಳೆಯಂಥ ಬಿರುಕು ಮೊದಲ ದಿನ ಕಾಣುವುದಿಲ್ಲ; ಮೂಳೆ ತನ್ನನ್ನು ತಾನು ಸರಿಪಡಿಸಿಕೊಳ್ಳಲು ಶುರುಮಾಡಿದಾಗ ಬಿರುಕಿನ ಅಂಚು ಕರಗಿ ಗೆರೆ ಸ್ಪಷ್ಟವಾಗುತ್ತದೆ. ಅಷ್ಟು ದಿನ ಆ ಕಾಲಿಗೆ ಆಸರೆ ಕೊಟ್ಟಿರುತ್ತಾರೆ. ಸಿಟಿ ಸ್ಕ್ಯಾನಿನ ಪಾತ್ರ ಬೇರೆ. ಮುರಿತ ಕೀಲಿನೊಳಕ್ಕೆ ಹೋಗಿದ್ದರೆ, ಮೂಳೆ ಹಲವು ಚೂರಾಗಿದ್ದರೆ, ಟೇಲಸ್ ಅಥವಾ ಹಿಮ್ಮಡಿಯ ಮೂಳೆಯ ಮೇಲೆ ಅನುಮಾನವಿದ್ದರೆ, ಚೂರುಗಳು ಎಲ್ಲೆಲ್ಲಿವೆ ಎಂಬ ನಕ್ಷೆಯನ್ನು ಶಸ್ತ್ರವೈದ್ಯರಿಗೆ ಅದು ಕೊಡುತ್ತದೆ.

ಎಂಆರ್‌ಐ ಲಿಗಮೆಂಟನ್ನು ಚೆನ್ನಾಗಿ ತೋರಿಸುತ್ತದೆ, ನಿಜ. ಆದರೆ ಮೊದಲ ವಾರದಲ್ಲಿ ತೆಗೆಸಿದ ಎಂಆರ್‌ಐ ಸಾಮಾನ್ಯವಾಗಿ ಹೇಳುವುದು ಗೊತ್ತಿರುವ ಸಂಗತಿಯನ್ನೇ: ಹೊರಬದಿಯ ಲಿಗಮೆಂಟ್ ಹರಿದಿದೆ. ಅದು ಅರ್ಧ ಹರಿದಿರಲಿ, ಪೂರ್ತಿ ಹರಿದಿರಲಿ, ಬಹುತೇಕ ಜನರಿಗೆ ಚಿಕಿತ್ಸೆ ಒಂದೇ: ಕೆಲವು ದಿನ ಆಸರೆ, ಬೇಗನೆ ನಡಿಗೆ, ಆಮೇಲೆ ಒಂಟಿ ಕಾಲಿನ ಮೇಲೆ ನಿಂತು ಸಮತೋಲ ಸಾಧಿಸುವ ವ್ಯಾಯಾಮ. ಸಾವಿರಾರು ರೂಪಾಯಿಯ ವರದಿ ಕೈಗೆ ಬಂದರೂ ಈ ದಾರಿ ಬದಲಾಗುವುದಿಲ್ಲ. ವರದಿಯಲ್ಲಿ ‘ಪೂರ್ತಿ ಹರಿದಿದೆ’ ಎಂಬ ಮಾತು ಓದಿ ಹೆದರಿ ಆಪರೇಷನ್ನಿಗೆ ಒಪ್ಪುವವರೂ ಇದ್ದಾರೆ. ವರದಿ ತೆಗೆಸದಿದ್ದರೆ ಅವರು ಆರಾಮಾಗಿ ನಡೆದಾಡುತ್ತಿದ್ದರು.

ಸಾದಾ ಉಳುಕಿನ ಹಾದಿ ಗೊತ್ತಿದ್ದರೆ ಎಂಆರ್‌ಐಯ ಹೊತ್ತು ಯಾವುದೆಂದು ತಿಳಿಯುತ್ತದೆ. ಮೊದಲ ಎರಡು ಮೂರು ದಿನ ಕಷ್ಟ, ಆಮೇಲೆ ದಿನದಿಂದ ದಿನಕ್ಕೆ ಭಾರ ಊರುವುದು ಸುಲಭವಾಗಬೇಕು. ಐದಾರು ದಿನವಾದರೂ ಊರಲಾಗದಿದ್ದರೆ ಮೊದಲು ಎಕ್ಸ್‌ರೇ ಬೇಡ ಎಂದಿದ್ದವರೂ ಮತ್ತೆ ತೋರಿಸಿಕೊಳ್ಳಬೇಕು. ಆರರಿಂದ ಎಂಟು ವಾರವಾದ ಮೇಲೂ ಕೀಲಿನ ಆಳದಲ್ಲಿ ನೋವು ಉಳಿದಿದ್ದರೆ, ನಡೆಯುವಾಗ ಕೀಲು ಸಿಕ್ಕಿಹಾಕಿಕೊಂಡಂತಾದರೆ, ಸಮ ನೆಲದಲ್ಲೂ ಕಾಲು ಪದೇಪದೇ ಹೊರಳಿದರೆ ಎಂಆರ್‌ಐಗೆ ಅರ್ಥವಿದೆ. ಆಗ ಅದು ಹುಡುಕುವುದು ಟೇಲಸ್‌ನ ಮೇಲಿನ ನುಣುಪು ಪದರದಲ್ಲಿ ಚೂರು ಎದ್ದಿದೆಯೇ, ಹೊರಗಿನ ಗಿಣ್ಣಿನ ಹಿಂದಿನ ಹುರಿ ಸೀಳಿದೆಯೇ, ಎಕ್ಸ್‌ರೇಗೆ ಸಿಗದ ಬಿರುಕು ಮೂಳೆಯೊಳಗೆ ಉಳಿದಿದೆಯೇ ಎಂದು. ಎರಡು ಮೂಳೆಗಳನ್ನು ಗಿಣ್ಣಿನ ಮೇಲ್ಭಾಗದಲ್ಲಿ ಬಿಗಿದಿರುವ ಲಿಗಮೆಂಟಿಗೆ ಪೆಟ್ಟಾಗಿರುವ ಅನುಮಾನವಿದ್ದರೆ ಮಾತ್ರ ಆರು ವಾರ ಕಾಯುವುದಿಲ್ಲ. ಮೀನಖಂಡದ ನಡುವೆ ಎರಡೂ ಮೂಳೆಗಳನ್ನು ಒಟ್ಟಿಗೆ ಹಿಂಡಿದಾಗ ನೋವು ಕೆಳಗೆ ಕೀಲಿನ ಮೇಲೆ ಚುಚ್ಚುವುದು ಅದರ ಗುರುತು. ಈ ಕಟ್ಟು ಸಡಿಲಾಗಿದ್ದರೆ ಗಿಣ್ಣುಗಳ ನಡುವಿನ ಅಂತರ ಅಗಲವಾಗುತ್ತದೆ, ಅದನ್ನು ಬೇಗ ಸರಿಪಡಿಸದಿದ್ದರೆ ಕೀಲು ಸವೆಯುತ್ತದೆ. ಹಾಗಾಗಿ ಕಾಲೂರಿ ನಿಂತು ತೆಗೆದ ಎಕ್ಸ್‌ರೇ, ಅದರಲ್ಲೂ ತಿಳಿಯದಿದ್ದರೆ ಎಂಆರ್‌ಐ, ಮೊದಲ ಒಂದೆರಡು ವಾರದಲ್ಲೇ ಆಗಬೇಕು.